ಊಟ ತಪ್ಪಿದರೂ ಕೆಲಸ ನಿಲ್ಲಿಸದ ಮಾತ್ರೆ

ಸಕ್ಕರೆ ಕಾಯಿಲೆಯವರ ಮನೆಯ ಮಾತ್ರೆ ಡಬ್ಬಿಯಲ್ಲಿ ಸಾಮಾನ್ಯವಾಗಿ ಎರಡು ಹೆಸರುಗಳು ಜೊತೆಯಾಗಿ ಕಾಣುತ್ತವೆ: ಮೆಟ್‌ಫಾರ್ಮಿನ್ ಮತ್ತು ಗ್ಲಿಮಿಪಿರೈಡ್. ಅನೇಕರಿಗೆ ಇವೆರಡೂ ಒಂದೇ ಮಾತ್ರೆಯೊಳಗೆ ಸೇರಿ ಬರುತ್ತವೆ. ಅದನ್ನು ಅವರು ‘ನನ್ನ ಶುಗರ್ ಮಾತ್ರೆ’ ಎಂದಷ್ಟೇ ತಿಳಿದಿರುತ್ತಾರೆ. ಆದರೆ ಇವೆರಡರ ಸ್ವಭಾವ ತೀರಾ ಬೇರೆ. ಮೆಟ್‌ಫಾರ್ಮಿನ್ ಒಂದನ್ನೇ ನುಂಗುವವರಿಗೆ ಶುಗರ್ ಅಪಾಯದ ಮಟ್ಟಕ್ಕೆ ಇಳಿಯುವುದು ಅಪರೂಪ. ಗ್ಲಿಮಿಪಿರೈಡ್ ನುಂಗಿ ಊಟ ಬಿಟ್ಟರೆ, ಅಥವಾ ಅದು ದೇಹದಿಂದ ಹೊರಹೋಗದೆ ಉಳಿದುಕೊಂಡರೆ, ಶುಗರ್ ಇಳಿಯುತ್ತಲೇ ಹೋಗಬಹುದು.

ಗ್ಲಿಮಿಪಿರೈಡ್ ಸೇರಿದ ಔಷಧ ಗುಂಪಿನ ಹೆಸರು ಸಲ್ಫೋನಿಲ್‌ಯೂರಿಯಾ. ಗ್ಲಿಕ್ಲಜೈಡ್, ಗ್ಲಿಪಿಜೈಡ್, ಗ್ಲಿಬೆನ್‌ಕ್ಲಮೈಡ್ ಇದೇ ಗುಂಪಿನವು. ಇವು ಎಪ್ಪತ್ತು ವರ್ಷಗಳಿಂದ ಬಳಕೆಯಲ್ಲಿವೆ, ಅಗ್ಗವಾಗಿವೆ, ಚೆನ್ನಾಗಿ ಕೆಲಸ ಮಾಡುತ್ತವೆ. ಇವುಗಳ ಬಲ, ಶುಗರ್ ಲೋ ಆಗುವ ಅಪಾಯ, ತೂಕ ಏರುವ ತೊಂದರೆ ಈ ಮೂರೂ ಒಂದೇ ಗುಣದಿಂದ ಹುಟ್ಟುತ್ತವೆ. ಆ ಗುಣ ಅರ್ಥವಾದರೆ ಮಾತ್ರೆಯನ್ನು ಯಾವಾಗ ನುಂಗಬೇಕು, ಯಾವಾಗ ವೈದ್ಯರಿಗೆ ಫೋನ್ ಮಾಡಬೇಕು ಎಂಬುದು ತಾನಾಗಿಯೇ ತಿಳಿಯುತ್ತದೆ.

ಮೊದಲು ಸ್ಟ್ರಿಪ್ ಓದಿ

ಸ್ಟ್ರಿಪ್‌ನ ಮುಂಭಾಗದಲ್ಲಿ ದೊಡ್ಡದಾಗಿ ಇರುವುದು ಕಂಪನಿಯ ಹೆಸರು. ನೀವು ಓದಬೇಕಾದದ್ದು ಹಿಂಭಾಗದ ಸಣ್ಣ ಅಕ್ಷರಗಳನ್ನು. ಅಲ್ಲಿ ‘ಗ್ಲಿ’ ಎಂದು ಶುರುವಾಗುವ ಹೆಸರುಗಳಲ್ಲಿ ಮೇಲೆ ಹೇಳಿದ ನಾಲ್ಕರಲ್ಲಿ ಒಂದಿದೆಯೇ ನೋಡಿ. ‘ಗ್ಲಿಪ್ಟಿನ್’ ಎಂದು ಕೊನೆಯಾಗುವ ಸಿಟಾಗ್ಲಿಪ್ಟಿನ್, ವಿಲ್ಡಾಗ್ಲಿಪ್ಟಿನ್, ಟೆನಿಲಿಗ್ಲಿಪ್ಟಿನ್ ಬೇರೆ ಗುಂಪಿನವು. ‘ಗ್ಲಿಫ್ಲೋಜಿನ್’ ಎಂದು ಕೊನೆಯಾಗುವ ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಮತ್ತೊಂದು ಗುಂಪಿನವು. ಅವುಗಳ ಸ್ವಭಾವ ಸಲ್ಫೋನಿಲ್‌ಯೂರಿಯಾದಂತಿಲ್ಲ.

ಸಂಯುಕ್ತ ಮಾತ್ರೆಗಳ ಹೆಸರಿನ ಕೊನೆಯಲ್ಲಿ ಬರುವ ಜಿ-1, ಜಿ-2, ಜಿಪಿ-1, ಜಿಪಿ-2 ಎಂಬ ಗುರುತಿನಲ್ಲಿ ಅಂಕಿಯು ಸಾಮಾನ್ಯವಾಗಿ ಗ್ಲಿಮಿಪಿರೈಡ್ ಎಷ್ಟು ಮಿಲಿಗ್ರಾಂ ಇದೆ ಎಂಬುದನ್ನು ಹೇಳುತ್ತದೆ. ಜಿ-2 ಮಾತ್ರೆಯನ್ನು ಬೆಳಿಗ್ಗೆ ಒಂದು, ರಾತ್ರಿ ಒಂದು ತೆಗೆದುಕೊಳ್ಳುವವರ ದೇಹಕ್ಕೆ ದಿನಕ್ಕೆ 4 ಮಿಲಿಗ್ರಾಂ ಗ್ಲಿಮಿಪಿರೈಡ್ ಹೋಗುತ್ತದೆ. ಈ ಔಷಧವನ್ನು ಸಾಮಾನ್ಯವಾಗಿ ದಿನಕ್ಕೆ 1 ಮಿಲಿಗ್ರಾಂನಿಂದ ಶುರುಮಾಡುತ್ತಾರೆ. ಅದರ ಪರಿಣಾಮದ ಬಹುಪಾಲು 4 ಮಿಲಿಗ್ರಾಂ ಒಳಗೇ ಸಿಕ್ಕಿಬಿಡುತ್ತದೆ. ಹೀಗಾಗಿ ಸಂಯುಕ್ತ ಮಾತ್ರೆಯನ್ನು ಎರಡು ಹೊತ್ತು ನುಂಗುವವರು ತಮಗೆ ಗೊತ್ತಿಲ್ಲದೆಯೇ ಹೆಚ್ಚಿನ ಪ್ರಮಾಣದಲ್ಲಿರುವುದು ಸಾಧ್ಯ.

ಇನ್ನೊಂದು ಅಪಾಯ, ಒಂದೇ ಔಷಧ ಎರಡು ಹೆಸರಿನಲ್ಲಿ ಮನೆಗೆ ಬರುವುದು. ಊರಿನ ವೈದ್ಯರು ಬರೆದ ಮಾತ್ರೆ ಒಂದು ಕಂಪನಿಯದು, ಪಟ್ಟಣದ ತಜ್ಞರು ಬರೆದದ್ದು ಇನ್ನೊಂದು ಕಂಪನಿಯದು. ಎರಡರೊಳಗೂ ಇರುವುದು ಗ್ಲಿಮಿಪಿರೈಡ್. ಹಳೆಯ ಚೀಟಿ ಮತ್ತು ಹೊಸ ಚೀಟಿಯ ಮಾತ್ರೆಗಳನ್ನು ಒಟ್ಟಿಗೆ ನುಂಗಿ ಶುಗರ್ ಲೋ ಆದವರು ಆಸ್ಪತ್ರೆಗೆ ಬರುತ್ತಾರೆ. ಆದ್ದರಿಂದ ವೈದ್ಯರ ಬಳಿ ಹೋಗುವಾಗ ಚೀಟಿಯ ಜೊತೆಗೆ ಮನೆಯಲ್ಲಿರುವ ಎಲ್ಲ ಸ್ಟ್ರಿಪ್‌ಗಳನ್ನೂ ಕೈಚೀಲದಲ್ಲಿ ಹಾಕಿಕೊಂಡು ಹೋಗಿ.

ಮಾತ್ರೆ ಒಳಗೆ ಹೋಗಿ ಮಾಡುವುದೇನು?

ಹೊಟ್ಟೆಯ ಹಿಂಭಾಗದಲ್ಲಿರುವ ಮೇದೋಜೀರಕ ಗ್ರಂಥಿಯಲ್ಲಿ ಬೀಟಾ ಜೀವಕೋಶಗಳಿವೆ. ಇನ್ಸುಲಿನ್ ತಯಾರಿಸಿ ಕೂಡಿಟ್ಟುಕೊಳ್ಳುವುದು ಅವೇ. ನಾವು ಉಂಡಾಗ ರಕ್ತದಲ್ಲಿ ಗ್ಲೂಕೋಸ್ ಏರುತ್ತದೆ. ಅದು ಬೀಟಾ ಕೋಶದೊಳಗೆ ಹೋಗಿ ಉರಿದು ಶಕ್ತಿಯಾಗುತ್ತದೆ. ಹೀಗೆ ಶಕ್ತಿ ಹೆಚ್ಚಿದಾಗ ಕೋಶದ ಹೊರಪೊರೆಯಲ್ಲಿರುವ ಪೊಟ್ಯಾಸಿಯಂ ಬಾಗಿಲು ಮುಚ್ಚಿಕೊಳ್ಳುತ್ತದೆ. ಅದು ಮುಚ್ಚಿದಾಗ ಕ್ಯಾಲ್ಸಿಯಂ ಒಳಗೆ ನುಗ್ಗುತ್ತದೆ, ಕ್ಯಾಲ್ಸಿಯಂ ಬಂದೊಡನೆ ಕೂಡಿಟ್ಟ ಇನ್ಸುಲಿನ್ ರಕ್ತಕ್ಕೆ ಬಿಡುಗಡೆಯಾಗುತ್ತದೆ. ಶುಗರ್ ಇಳಿದರೆ ಬಾಗಿಲು ಮತ್ತೆ ತೆರೆದುಕೊಳ್ಳುತ್ತದೆ, ಇನ್ಸುಲಿನ್ ನಿಲ್ಲುತ್ತದೆ. ಆರೋಗ್ಯವಂತ ದೇಹದಲ್ಲಿ ಉಪವಾಸವಿದ್ದರೂ ಶುಗರ್ ಕುಸಿಯದಿರಲು ಈ ವ್ಯವಸ್ಥೆ ಒಂದು ಮುಖ್ಯ ಕಾರಣ.

ಸಲ್ಫೋನಿಲ್‌ಯೂರಿಯಾ ಇದೇ ಬಾಗಿಲಿಗೆ ಅಂಟಿಕೊಂಡು ಅದನ್ನು ಮುಚ್ಚಿಬಿಡುತ್ತದೆ. ರಕ್ತದಲ್ಲಿ ಗ್ಲೂಕೋಸ್ 250 ಇದೆಯೋ 80 ಇದೆಯೋ ಎಂದು ಅದು ನೋಡುವುದಿಲ್ಲ. ಔಷಧ ಅಲ್ಲಿರುವಷ್ಟು ಹೊತ್ತು ಇನ್ಸುಲಿನ್ ಹೊರಬರುತ್ತಲೇ ಇರುತ್ತದೆ. ನೀವು ಉಂಡಿದ್ದರೆ ಆ ಇನ್ಸುಲಿನ್ ಊಟದ ಸಕ್ಕರೆಯನ್ನು ಇಳಿಸುತ್ತದೆ. ಉಂಡಿರದಿದ್ದರೆ ಮೆದುಳಿಗೆ ಬೇಕಾದ ಸಕ್ಕರೆಯನ್ನೂ ಇಳಿಸುತ್ತದೆ. ಗ್ಲಿಪ್ಟಿನ್ ಗುಂಪಿನ ಮಾತ್ರೆಗಳು ಶುಗರ್ ಏರಿದಾಗ ಮಾತ್ರ ಇನ್ಸುಲಿನ್‌ಗೆ ಒತ್ತಾಸೆ ಕೊಡುತ್ತವೆ, ಇಳಿದಾಗ ಸುಮ್ಮನಾಗುತ್ತವೆ. ಎರಡು ಗುಂಪುಗಳ ನಡುವಿನ ನಿಜವಾದ ವ್ಯತ್ಯಾಸ ಇದು.

ಈ ಔಷಧದ ಪತ್ತೆಯೂ ಶುಗರ್ ಲೋ ಆಗುವುದರಿಂದಲೇ ಆಯಿತು. 1942ರಲ್ಲಿ ಫ್ರಾನ್ಸಿನ ಮೊಂಪೆಲಿಯೆ ಊರಿನ ವೈದ್ಯ ಮಾರ್ಸೆಲ್ ಜಾನ್‌ಬೋನ್ ಅವರು ಟೈಫಾಯಿಡ್ ರೋಗಿಗಳಿಗೆ ಸಲ್ಫಾ ಜಾತಿಯ ಹೊಸ ಔಷಧವೊಂದನ್ನು ಕೊಟ್ಟು ನೋಡುತ್ತಿದ್ದರು. ಕೆಲವರು ಸುಸ್ತಾಗಿ ಪ್ರಜ್ಞೆ ತಪ್ಪಿದರು, ಕೆಲವರು ತೀರಿಕೊಂಡರು. ರಕ್ತದಲ್ಲಿ ಸಕ್ಕರೆ ಕುಸಿದಿತ್ತು. ಅದೇ ಊರಿನ ಒಗಸ್ಟ್ ಲೂಬಟಿಯೇರ್ ನಾಯಿಗಳ ಮೇಲೆ ಪ್ರಯೋಗ ನಡೆಸಿದಾಗ, ಮೇದೋಜೀರಕ ಗ್ರಂಥಿಯನ್ನು ತೆಗೆದುಹಾಕಿದ ನಾಯಿಗಳಲ್ಲಿ ಆ ಔಷಧ ಸಕ್ಕರೆಯನ್ನು ಇಳಿಸಲಿಲ್ಲ. ಅಂದರೆ ಅದು ಕೆಲಸ ಮಾಡುವುದು ಗ್ರಂಥಿಯ ಮೂಲಕವೇ ಎಂದು ತಿಳಿಯಿತು. 1950ರ ದಶಕದಲ್ಲಿ ಈ ಗುಂಪಿನ ಮಾತ್ರೆಗಳು ಮಾರುಕಟ್ಟೆಗೆ ಬಂದವು. ಗ್ಲಿಮಿಪಿರೈಡ್ ಬಂದದ್ದು 1990ರ ದಶಕದ ನಡುವಿನಲ್ಲಿ.

ಆ ನಾಯಿಗಳ ಪ್ರಯೋಗ ಇಂದಿಗೂ ಒಂದು ಮಿತಿಯನ್ನು ಹೇಳುತ್ತದೆ. ಬೀಟಾ ಕೋಶಗಳೇ ಉಳಿಯದ ಟೈಪ್ 1 ಮಧುಮೇಹದಲ್ಲಿ ಈ ಮಾತ್ರೆಯಿಂದ ಪ್ರಯೋಜನವಿಲ್ಲ. ಟೈಪ್ 2 ಮಧುಮೇಹದಲ್ಲೂ ವರ್ಷಗಳು ಉರುಳಿದಂತೆ ಬೀಟಾ ಕೋಶಗಳು ಸೊರಗುತ್ತವೆ, ಮಾತ್ರೆಯ ಪರಿಣಾಮ ಕುಗ್ಗುತ್ತದೆ. ಹತ್ತು ವರ್ಷದ ಹಿಂದೆ ಸಾಕಾಗುತ್ತಿದ್ದ 2 ಮಿಲಿಗ್ರಾಂ ಈಗ ಸಾಕಾಗದಿದ್ದರೆ ಅದು ಪಥ್ಯ ತಪ್ಪಿದ್ದರಿಂದಲೇ ಆಗಿರಬೇಕೆಂದಿಲ್ಲ.

ಶುಗರ್ ಲೋ ಆಗುವ ದಾರಿಗಳು

ಗ್ಲಿಮಿಪಿರೈಡ್ ಮತ್ತು ಹೊಸ ಔಷಧ ಲಿನಾಗ್ಲಿಪ್ಟಿನ್ ಎರಡನ್ನೂ ಆರು ವರ್ಷಕ್ಕೂ ಹೆಚ್ಚು ಕಾಲ ಹೋಲಿಸಿ ನೋಡಿದ ‘ಕೆರೋಲಿನಾ’ ಎಂಬ ದೊಡ್ಡ ಅಧ್ಯಯನದ ಫಲಿತಾಂಶ 2019ರಲ್ಲಿ ಬಂತು. ಲಿನಾಗ್ಲಿಪ್ಟಿನ್ ತೆಗೆದುಕೊಂಡವರಲ್ಲಿ ಸುಮಾರು ಶೇ 11 ಮಂದಿಗೆ ಒಮ್ಮೆಯಾದರೂ ಶುಗರ್ ಲೋ ಆಗಿತ್ತು. ಗ್ಲಿಮಿಪಿರೈಡ್ ಗುಂಪಿನಲ್ಲಿ ಅದು ಸುಮಾರು ಶೇ 38. ಹೆಚ್ಚಿನವರಿಗೆ ಆದದ್ದು ತಾವೇ ಸಂಭಾಳಿಸಿಕೊಳ್ಳಬಹುದಾದಷ್ಟು. ಬೇರೆಯವರ ನೆರವು ಬೇಕಾಗುವಷ್ಟು ತೀವ್ರವಾದದ್ದು ಕೆಲವರಿಗೆ ಮಾತ್ರ. ಆದರೆ ಆ ಕೆಲವರು ಯಾರು ಎಂಬುದನ್ನು ಬಹುಮಟ್ಟಿಗೆ ಮೊದಲೇ ಊಹಿಸಬಹುದು.

ಮೊದಲ ಕಾರಣ ಊಟ. ಮಾತ್ರೆ ನುಂಗಿ ತಿಂಡಿ ತಡವಾದರೆ, ಜ್ವರ ವಾಂತಿಯಲ್ಲಿ ಊಟ ಸೇರದಿದ್ದರೆ, ಮುದ್ದೆ ಅನ್ನ ಬಿಟ್ಟು ದಿಢೀರ್ ಪಥ್ಯ ಶುರುಮಾಡಿದರೆ ಇನ್ಸುಲಿನ್‌ಗೆ ಎದುರಾಗಬೇಕಾದ ಸಕ್ಕರೆ ರಕ್ತದಲ್ಲಿರುವುದಿಲ್ಲ. ಎರಡನೆಯದು ಮೈಮುರಿಯುವ ಕೆಲಸ. ನಾಟಿ, ಕಟಾವಿನ ದಿನಗಳಲ್ಲಿ ಹೊಲದಲ್ಲಿ ದುಡಿದವರಿಗೆ ಅದೇ ಮಾತ್ರೆ ಹೆಚ್ಚಾಗಿ ಪರಿಣಮಿಸುತ್ತದೆ. ಬರಿಹೊಟ್ಟೆಯಲ್ಲಿ ಮದ್ಯ ಕುಡಿದವರ ಲಿವರ್, ಶುಗರ್ ಕುಸಿದಾಗ ಗ್ಲೂಕೋಸ್ ಒದಗಿಸುವ ತನ್ನ ಕೆಲಸವನ್ನು ಸರಿಯಾಗಿ ಮಾಡಲಾರದು.

ಕಣ್ಣಿಗೆ ಕಾಣದ ಕಾರಣ ಕಿಡ್ನಿ. ಗ್ಲಿಮಿಪಿರೈಡನ್ನು ಲಿವರ್ ಒಡೆಯುತ್ತದೆ. ಒಡೆದ ಭಾಗಕ್ಕೂ ಶುಗರ್ ಇಳಿಸುವ ಶಕ್ತಿ ಸ್ವಲ್ಪ ಉಳಿದಿರುತ್ತದೆ, ಅದು ಹೊರಹೋಗಬೇಕಾದದ್ದು ಮುಖ್ಯವಾಗಿ ಕಿಡ್ನಿಯ ಮೂಲಕ. ಕಿಡ್ನಿ ನಿಧಾನವಾದರೆ ಔಷಧದ ಶಕ್ತಿ ದೇಹದಲ್ಲೇ ಉಳಿಯುತ್ತದೆ. ಗ್ಲಿಬೆನ್‌ಕ್ಲಮೈಡ್‌ನಲ್ಲಿ ಈ ತೊಂದರೆ ಇನ್ನೂ ಹೆಚ್ಚು. ಅದಕ್ಕಾಗಿಯೇ ಅರವತ್ತು ದಾಟಿದವರಿಗೆ ಗ್ಲಿಬೆನ್‌ಕ್ಲಮೈಡ್ ಸೂಕ್ತವಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಗ್ಲಿಕ್ಲಜೈಡ್ ಮತ್ತು ಗ್ಲಿಪಿಜೈಡ್ ಒಡೆದ ಮೇಲೆ ಉಳಿಯುವ ಭಾಗಗಳು ಹೆಚ್ಚುಕಡಿಮೆ ನಿಷ್ಕ್ರಿಯ. ಕಿಡ್ನಿ ಸ್ವಲ್ಪ ದುರ್ಬಲವಾಗಿರುವವರಿಗೆ ಈ ಗುಂಪಿನ ಔಷಧವೇ ಬೇಕಾದರೆ ವೈದ್ಯರು ಅವುಗಳತ್ತ ನೋಡುವುದು ಇದೇ ಕಾರಣಕ್ಕೆ.

ಕೊನೆಯದು ಬೇರೆ ಔಷಧಗಳ ಜೊತೆಗಿನ ಘರ್ಷಣೆ. ಮೂತ್ರದ ಸೋಂಕಿಗೆ ಕೊಡುವ ಕೋ-ಟ್ರೈಮಾಕ್ಸಜೋಲ್, ಫಂಗಸ್‌ಗೆ ಕೊಡುವ ಫ್ಲುಕೊನಜೋಲ್ ಇವು ಸಲ್ಫೋನಿಲ್‌ಯೂರಿಯಾ ಒಡೆಯುವುದನ್ನು ತಡೆದು ಅದರ ಶಕ್ತಿಯನ್ನು ಹೆಚ್ಚಿಸುತ್ತವೆ. ಕ್ಲಾರಿಥ್ರೊಮೈಸಿನ್, ಲಿವೋಫ್ಲಾಕ್ಸಸಿನ್‌ನಂಥ ಆ್ಯಂಟಿಬಯಾಟಿಕ್‌ಗಳೂ ಬೇರೆ ದಾರಿಗಳಿಂದ ಶುಗರ್ ಕುಸಿಯುವಂತೆ ಮಾಡಬಲ್ಲವು. ಸೋಂಕಿದ್ದಾಗ ಊಟವೂ ಕಡಿಮೆಯಾಗಿರುತ್ತದೆ ಎಂಬುದನ್ನು ಸೇರಿಸಿಕೊಂಡರೆ ಅಪಾಯ ಇಮ್ಮಡಿಯಾಗುವುದು ಏಕೆಂದು ಗೊತ್ತಾಗುತ್ತದೆ.

ಒಂದು ರಾತ್ರಿ ನಡೆಯಬಹುದಾದದ್ದು

ಈ ಕಾರಣಗಳು ಬಿಡಿಬಿಡಿಯಾಗಿ ಬರುವುದು ಕಡಿಮೆ. ಅವು ಹೇಗೆ ಒಂದರ ಮೇಲೊಂದು ಕೂಡುತ್ತವೆ ಎಂದು ತಿಳಿಯಲು ಒಂದು ಪ್ರಕರಣವನ್ನು ಕಲ್ಪಿಸಿಕೊಳ್ಳೋಣ. ಹಾಸನದ ಕಡೆಯ 68 ವರ್ಷದ ನಿವೃತ್ತ ಮೇಷ್ಟ್ರು. ಹದಿನಾಲ್ಕು ವರ್ಷದಿಂದ ಮಧುಮೇಹ. ಗ್ಲಿಮಿಪಿರೈಡ್ 2 ಮತ್ತು ಮೆಟ್‌ಫಾರ್ಮಿನ್ 500 ಸೇರಿದ ಮಾತ್ರೆ, ಬೆಳಿಗ್ಗೆ ಒಂದು, ರಾತ್ರಿ ಒಂದು. ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ ಶೇ 6.3. ಮನೆಯವರಿಗೆಲ್ಲ ಹೆಮ್ಮೆ. ಎರಡು ವರ್ಷದಿಂದ ಕ್ರಿಯಾಟಿನಿನ್ ಪರೀಕ್ಷೆ ಮಾಡಿಸಿಲ್ಲ.

ಅವರಿಗೆ ಮೂತ್ರದ ಸೋಂಕಾಗಿ ಚಳಿಜ್ವರ ಬರುತ್ತದೆ. ಹತ್ತಿರದ ಕ್ಲಿನಿಕ್‌ನಲ್ಲಿ ಕೋ-ಟ್ರೈಮಾಕ್ಸಜೋಲ್ ಕೊಡುತ್ತಾರೆ. ಶುಗರ್‌ಗೆ ಯಾವ ಮಾತ್ರೆ ಎಂದು ಅವರು ಕೇಳಲಿಲ್ಲ, ಮೇಷ್ಟ್ರು ಹೇಳಲೂ ಇಲ್ಲ. ಮೂರನೆಯ ದಿನ ರಾತ್ರಿ ಬಾಯಿ ರುಚಿಸದೆ ಅರ್ಧ ಲೋಟ ಗಂಜಿ ಕುಡಿದು, ಮಾತ್ರೆ ತಪ್ಪಿಸಬಾರದೆಂದು ಎಂದಿನ ಮಾತ್ರೆ ನುಂಗಿ ಮಲಗುತ್ತಾರೆ. ಬೆಳಗಿನ ಜಾವ ಮೂರು ಗಂಟೆಗೆ ಅವರು ತೊದಲುತ್ತಿರುವುದು ಹೆಂಡತಿಗೆ ಕೇಳಿಸುತ್ತದೆ. ಅಂಗಿ ಬೆವರಿನಿಂದ ತೊಯ್ದಿದೆ, ಕರೆದರೆ ಸಂಬಂಧವಿಲ್ಲದ ಉತ್ತರ. ಮಗ ಪಾರ್ಶ್ವವಾಯು ಎಂದುಕೊಳ್ಳುತ್ತಾನೆ. ಸೊಸೆ ಗ್ಲುಕೋಮೀಟರ್ ತಂದು ನೋಡಿದರೆ 46.

ಸಕ್ಕರೆ ನೀರು ಕುಡಿಸಿದ ಮೇಲೆ ಕಾಲು ಗಂಟೆಗೆ 74 ಆಗುತ್ತದೆ, ಮಾತು ಸರಿಹೋಗುತ್ತದೆ. ‘ಬೆಳಿಗ್ಗೆ ನೋಡೋಣ, ಮಲಗಿ ಅಪ್ಪ’ ಎನ್ನುತ್ತಾನೆ ಮಗ. ನಿಜವಾದ ಅಪಾಯ ಶುರುವಾಗುವುದು ಇಲ್ಲಿಂದ. ಕುಡಿದ ಸಕ್ಕರೆ ಬೇಗ ಖರ್ಚಾಗುತ್ತದೆ, ಮಾತ್ರೆ ಇನ್ನೂ ಒಳಗೆ ಕೆಲಸ ಮಾಡುತ್ತಿರುತ್ತದೆ. ಸಾಲದ್ದಕ್ಕೆ ಏರಿದ ಸಕ್ಕರೆಯೂ ಇನ್ನಷ್ಟು ಇನ್ಸುಲಿನ್ ಹೊರಡಿಸುತ್ತದೆ. ಸೊಸೆ ಮತ್ತೆ ಐದು ಗಂಟೆಗೆ ಬೆರಳು ಚುಚ್ಚಿ ನೋಡಿದಾಗ 52. ಆಗ ಆಸ್ಪತ್ರೆಗೆ ಕರೆದೊಯ್ಯುತ್ತಾರೆ. ಅಲ್ಲಿ ಗ್ಲೂಕೋಸ್ ಡ್ರಿಪ್ ಹಾಕಿ, ಒಂದೂವರೆ ದಿನ ಗಂಟೆಗೊಮ್ಮೆ ಎರಡು ಗಂಟೆಗೊಮ್ಮೆ ಶುಗರ್ ನೋಡಿ, ಕುಸಿಯುವುದು ನಿಂತ ಮೇಲೆ ಕಳಿಸುತ್ತಾರೆ. ಕ್ರಿಯಾಟಿನಿನ್ 1.7 ಇರುತ್ತದೆ. ಆ ವಯಸ್ಸಿನ ಗಂಡಸಿಗೆ ಅದರ ಅರ್ಥ ಕಿಡ್ನಿಯ ಸೋಸುವ ಸಾಮರ್ಥ್ಯ 43ರ ಆಸುಪಾಸಿಗೆ ಇಳಿದಿದೆ ಎಂದು. 90ಕ್ಕಿಂತ ಮೇಲಿದ್ದರೆ ಅದು ಸಹಜ.

ವೈದ್ಯರು ಗ್ಲಿಮಿಪಿರೈಡ್ ನಿಲ್ಲಿಸುತ್ತಾರೆ. ಮೆಟ್‌ಫಾರ್ಮಿನನ್ನು ದಿನಕ್ಕೆ 1000 ಮಿಲಿಗ್ರಾಂ ಮೀರದಂತೆ ಉಳಿಸಿ, ಕಿಡ್ನಿ ದುರ್ಬಲವಾದರೂ ಪ್ರಮಾಣ ಬದಲಿಸಬೇಕಿಲ್ಲದ ಲಿನಾಗ್ಲಿಪ್ಟಿನ್ ಸೇರಿಸುತ್ತಾರೆ. ಮೂರು ತಿಂಗಳ ನಂತರ ಎಚ್‌ಬಿಎ1ಸಿ 7.3 ಬಂದರೆ ಮನೆಯವರಿಗೆ ‘ಶುಗರ್ ಜಾಸ್ತಿ ಆಯಿತು’ ಅನ್ನಿಸಬಹುದು. ಆ ವಯಸ್ಸಿಗೆ, ಆ ಕಿಡ್ನಿಗೆ 7.3 ಒಳ್ಳೆಯ ಫಲಿತಾಂಶ. ಇನ್ಸುಲಿನ್ ಹೊರಡಿಸುವ ಮಾತ್ರೆಯ ಮೇಲೆ ಬಂದಿದ್ದ 6.3 ಎಂಬುದೇ ಎಚ್ಚರಿಕೆಯ ಅಂಕಿಯಾಗಿತ್ತು.

ಲೋ ಆದಾಗ ಮಾಡಬೇಕಾದದ್ದು

ಗ್ಲುಕೋಮೀಟರ್‌ನಲ್ಲಿ 70ಕ್ಕಿಂತ ಕೆಳಗೆ ಬಂದರೆ ಅದು ಲೋ. 54ಕ್ಕಿಂತ ಕೆಳಗೆ ಬಂದರೆ ಗಂಭೀರ. ಕೈ ನಡುಕ, ಬೆವರು, ಎದೆ ಡವಗುಟ್ಟುವುದು, ತಡೆಯಲಾಗದ ಹಸಿವು ಇವು ಮೊದಲ ಸೂಚನೆಗಳು. ಮುಂದೆ ಸಿಡುಕು, ಗೊಂದಲ, ತೊದಲು, ಕಣ್ಣು ಮಂಜಾಗುವುದು. ವಯಸ್ಸಾದವರಲ್ಲಿ ಮೊದಲ ಹಂತ ಕಾಣಿಸದೆ ನೇರವಾಗಿ ಗೊಂದಲವೇ ಕಾಣಿಸಬಹುದು. ರಕ್ತದೊತ್ತಡ ಅಥವಾ ಹೃದಯಕ್ಕಾಗಿ ಬೀಟಾ ಬ್ಲಾಕರ್ ಮಾತ್ರೆ ನುಂಗುವವರಿಗೆ ನಡುಕ, ಎದೆಬಡಿತ ಗೊತ್ತಾಗದೆ ಬೆವರು ಮಾತ್ರ ಕಾಣಬಹುದು. ರಾತ್ರಿ ಕೆಟ್ಟ ಕನಸು, ಬೆಳಿಗ್ಗೆ ಒದ್ದೆಯಾದ ದಿಂಬು ಮತ್ತು ತಲೆನೋವು ಇದ್ದರೆ ರಾತ್ರಿಯಲ್ಲಿ ಶುಗರ್ ಇಳಿಯುತ್ತಿದೆಯೇ ಎಂದು ಪರೀಕ್ಷಿಸಬೇಕು.

ಎಚ್ಚರವಿದ್ದು ನುಂಗಲು ಆಗುವವರಿಗೆ ಗ್ಲೂಕೋಸ್ ಪುಡಿ ಮೂರು ಟೀ ಚಮಚ, ಅಂದರೆ ಸುಮಾರು 15 ಗ್ರಾಂ, ನೀರಲ್ಲಿ ಕಲಸಿ ಕುಡಿಸಿ. ಅದಿಲ್ಲದಿದ್ದರೆ ಅಷ್ಟೇ ಸಕ್ಕರೆ. ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಿ, 70 ದಾಟದಿದ್ದರೆ ಇನ್ನೊಮ್ಮೆ ಕೊಡಿ. ದಾಟಿದ ಮೇಲೆ ಅನ್ನ, ಇಡ್ಲಿ, ಚಪಾತಿಯಂಥದ್ದನ್ನು ತಿನ್ನಿಸಿ. ಮೊದಲ ಉಪಚಾರಕ್ಕೆ ಚಾಕೊಲೇಟು, ಬಿಸ್ಕತ್ತು ಬೇಡ. ಅವುಗಳಲ್ಲಿರುವ ಜಿಡ್ಡು ಸಕ್ಕರೆ ರಕ್ತಕ್ಕೆ ಸೇರುವುದನ್ನು ತಡಮಾಡುತ್ತದೆ.

ಇಲ್ಲೊಂದು ಮುಖ್ಯ ವಿಷಯ. ನಿಮ್ಮ ಮಾತ್ರೆಯಲ್ಲಿ ವೊಗ್ಲಿಬೋಸ್ ಅಥವಾ ಅಕಾರ್ಬೋಸ್ ಎಂಬ ಮೂರನೆಯ ಔಷಧವೂ ಸೇರಿದ್ದರೆ ಮನೆಯ ಸಕ್ಕರೆ ಬೇಗ ಕೆಲಸ ಮಾಡುವುದಿಲ್ಲ. ಸಕ್ಕರೆಯನ್ನು ಕರುಳು ಒಡೆದರೆ ಮಾತ್ರ ಗ್ಲೂಕೋಸ್ ಆಗುತ್ತದೆ, ಆ ಔಷಧ ತಡೆಯುವುದು ಆ ಒಡೆಯುವಿಕೆಯನ್ನೇ. ಅಂಥವರ ಮನೆಯಲ್ಲಿ, ಜೇಬಿನಲ್ಲಿ ಇರಬೇಕಾದದ್ದು ಗ್ಲೂಕೋಸ್ ಪುಡಿಯೇ.

ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕಬೇಡಿ; ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ಮಗ್ಗುಲಾಗಿ ಮಲಗಿಸಿ 108ಕ್ಕೆ ಕರೆಮಾಡಿ. ಪ್ರಜ್ಞೆ ಬಂದು ಮಾತಾಡಿದರೂ, ಶುಗರ್ 100 ದಾಟಿದರೂ, ಸಲ್ಫೋನಿಲ್‌ಯೂರಿಯಾದಿಂದ ತೀವ್ರವಾಗಿ ಲೋ ಆದವರನ್ನು ಮನೆಯಲ್ಲಿ ಉಳಿಸಿಕೊಳ್ಳಬೇಡಿ. ಕನಿಷ್ಠ ಒಂದು ದಿನ ಆಸ್ಪತ್ರೆಯ ಕಣ್ಗಾವಲು ಬೇಕು. ಮೇಷ್ಟ್ರ ಕಥೆಯಲ್ಲಿ ಐದು ಗಂಟೆಗೆ ಸೊಸೆ ಮತ್ತೊಮ್ಮೆ ನೋಡದಿದ್ದರೆ ಏನಾಗುತ್ತಿತ್ತು ಎಂಬುದನ್ನು ಯೋಚಿಸಿ.

ಮಾತ್ರೆಯ ದಿನಚರಿ

ಗ್ಲಿಮಿಪಿರೈಡನ್ನು ಸಾಮಾನ್ಯವಾಗಿ ದಿನಕ್ಕೊಮ್ಮೆ, ಬೆಳಗಿನ ತಿಂಡಿಯ ಜೊತೆ ಅಥವಾ ಅದಕ್ಕೆ ಸ್ವಲ್ಪ ಮುಂಚೆ ನುಂಗುತ್ತಾರೆ. ತಿಂಡಿ ತಟ್ಟೆಗೆ ಬಂದಮೇಲೆ ಮಾತ್ರೆ ಕೈಗೆತ್ತಿಕೊಳ್ಳುವುದು ಸುರಕ್ಷಿತ ರೂಢಿ. ತಿಂಡಿ ಇಲ್ಲದ ಹೊತ್ತಿಗೆ ಈ ಮಾತ್ರೆ ಬೇಡ. ಒಂದು ಹೊತ್ತು ಮರೆತರೆ ಮುಂದಿನ ಹೊತ್ತಿಗೆ ಎರಡು ನುಂಗಬೇಡಿ.

ಏಕಾದಶಿ, ಶಿವರಾತ್ರಿಯಂಥ ಉಪವಾಸ ಮಾಡುವವರೂ ರಂಜಾನ್ ರೋಜಾ ಇಡುವವರೂ ವಾರಗಳ ಮೊದಲೇ ವೈದ್ಯರಿಗೆ ಹೇಳಬೇಕು. ರೋಜಾ ದಿನಗಳಲ್ಲಿ ದಿನಕ್ಕೊಮ್ಮೆ ತೆಗೆದುಕೊಳ್ಳುವ ಮಾತ್ರೆಯನ್ನು ಇಫ್ತಾರ್ ಹೊತ್ತಿಗೆ ಸರಿಸುವುದು, ಪ್ರಮಾಣ ತಗ್ಗಿಸುವುದು ರೂಢಿಯಲ್ಲಿದೆ. ಸಂಯುಕ್ತ ಮಾತ್ರೆಯಲ್ಲಿ ಒಂದು ಔಷಧವನ್ನು ಮಾತ್ರ ಬಿಡಲು ಬರುವುದಿಲ್ಲ. ಆದ್ದರಿಂದ ಉಪವಾಸದ ದಿನಗಳಿಗೆ ಎರಡನ್ನೂ ಬೇರೆಬೇರೆಯಾಗಿ ಬರೆದುಕೊಡಲು ಕೇಳಿ. ಬೆರಳು ಚುಚ್ಚಿ ರಕ್ತ ನೋಡಿದರೆ ಉಪವಾಸ ಮುರಿಯುತ್ತದೆ ಎಂಬುದು ತಪ್ಪು ಕಲ್ಪನೆ. ಶುಗರ್ 70ಕ್ಕಿಂತ ಕೆಳಗಿಳಿದರೆ ಉಪವಾಸ ಬಿಡಲೇಬೇಕು.

ಬಸ್ಸು, ಲಾರಿ, ಆಟೊ ಓಡಿಸುವವರು, ಎತ್ತರದಲ್ಲಿ ಅಥವಾ ಯಂತ್ರದ ಮುಂದೆ ಕೆಲಸ ಮಾಡುವವರು ತಮ್ಮ ಕೆಲಸ ಏನೆಂದು ವೈದ್ಯರಿಗೆ ಮೊದಲೇ ತಿಳಿಸಬೇಕು. ಅವರಿಗೆ ಲೋ ಆಗದ ಔಷಧವನ್ನು ಆರಿಸಲು ಅದೇ ಸಾಕಾದ ಕಾರಣ.

ತೂಕ ಏಕೆ ಏರುತ್ತದೆ?

ಈ ಮಾತ್ರೆ ಶುರುವಾದ ಮೊದಲ ವರ್ಷದಲ್ಲಿ ಸರಾಸರಿ ಎರಡು ಕಿಲೋದಷ್ಟು ತೂಕ ಏರುವುದು ಸಾಮಾನ್ಯ. ಇನ್ಸುಲಿನ್ ಉಂಡ ಶಕ್ತಿಯನ್ನು ಕೊಬ್ಬಾಗಿ ಕೂಡಿಡುವ ಹಾರ್ಮೋನು. ಅದು ಹೆಚ್ಚಾದಾಗ ಕೂಡಿಕೆಯೂ ಹೆಚ್ಚುತ್ತದೆ. ಜೊತೆಗೆ ಶುಗರ್ ತುಂಬಾ ಏರಿದ್ದಾಗ ಮೂತ್ರದಲ್ಲಿ ಹರಿದುಹೋಗುತ್ತಿದ್ದ ಸಕ್ಕರೆ ಈಗ ದೇಹದಲ್ಲೇ ಉಳಿಯುತ್ತದೆ. ಕಾಯಿಲೆಯಿಂದ ಸೊರಗಿದ್ದವರು ಸ್ವಲ್ಪ ತುಂಬಿಕೊಂಡರೆ ಅದು ಕೆಟ್ಟದ್ದಲ್ಲ. ಮೊದಲೇ ಹೊಟ್ಟೆ ಬಂದಿರುವವರಿಗೆ ಅದು ತೊಂದರೆ.

ಮೂರನೆಯ ಕಾರಣವನ್ನು ಹಲವರು ಗಮನಿಸುವುದಿಲ್ಲ. ದಿನಾ ಹನ್ನೊಂದಕ್ಕೋ ಸಂಜೆ ನಾಲ್ಕೂವರೆಗೋ ಕೈಕಾಲು ಸೋತಂತಾಗಿ, ಏನಾದರೂ ತಿಂದರೆ ಸರಿಹೋಗುತ್ತದೆ ಎನ್ನುವವರಿದ್ದಾರೆ. ಅದು ಬರೀ ಹಸಿವಲ್ಲದಿರಬಹುದು. ಆ ಹೊತ್ತಿಗೆ ಸರಿಯಾಗಿ ಗ್ಲುಕೋಮೀಟರ್‌ನಲ್ಲಿ ಎರಡು ಮೂರು ದಿನ ನೋಡಿ ಬರೆದಿಡಿ. 70ರ ಆಸುಪಾಸಿನಲ್ಲಿದ್ದರೆ ಮಾತ್ರೆಯ ಪ್ರಮಾಣ ಹೆಚ್ಚಾಗಿದೆ ಎಂದೇ ಅರ್ಥ. ಮಾತ್ರೆಗೆ ಆಹಾರ ಉಣಿಸುತ್ತ ಹೋದರೆ ತೂಕ ಏರುತ್ತದೆ, ತೂಕ ಏರಿದರೆ ಶುಗರ್ ಏರುತ್ತದೆ, ಆಮೇಲೆ ಮಾತ್ರೆಯನ್ನು ಇನ್ನೂ ಹೆಚ್ಚಿಸಬೇಕಾಗುತ್ತದೆ. ಆ ಬರೆದಿಟ್ಟ ಅಂಕಿಗಳನ್ನು ತೋರಿಸಿದರೆ ವೈದ್ಯರು ಮಾತ್ರೆಯನ್ನೇ ತಗ್ಗಿಸಬಹುದು.

ಆದರೂ ವೈದ್ಯರು ಇದನ್ನೇ ಬರೆಯುವುದು ಯಾವಾಗ?

ಇಷ್ಟೆಲ್ಲ ಓದಿದ ಮೇಲೆ ಇದನ್ನು ಏಕೆ ಕೊಡುತ್ತಾರೆ ಎಂದು ಅನ್ನಿಸಬಹುದು. ಕಾರಣಗಳು ಗಟ್ಟಿಯಾಗಿಯೇ ಇವೆ. ಈ ಮಾತ್ರೆ ಎಚ್‌ಬಿಎ1ಸಿಯನ್ನು ಒಂದರಿಂದ ಒಂದೂವರೆ ಅಂಶದಷ್ಟು ಇಳಿಸಬಲ್ಲದು, ಅದೂ ಕೆಲವೇ ದಿನಗಳಲ್ಲಿ ಪರಿಣಾಮ ಕಾಣುವಂತೆ. ಬ್ರಿಟನ್ನಿನಲ್ಲಿ ವರ್ಷಗಟ್ಟಲೆ ನಡೆದು 1998ರಲ್ಲಿ ಪ್ರಕಟವಾದ ಯುಕೆಪಿಡಿಎಸ್ ಅಧ್ಯಯನದಲ್ಲಿ, ಸಲ್ಫೋನಿಲ್‌ಯೂರಿಯಾ ಅಥವಾ ಇನ್ಸುಲಿನ್‌ನಿಂದ ಶುಗರನ್ನು ಬಿಗಿಯಾಗಿ ಇಟ್ಟುಕೊಂಡವರಲ್ಲಿ ಕಣ್ಣು, ಕಿಡ್ನಿಯಂಥ ಸಣ್ಣ ರಕ್ತನಾಳಗಳ ತೊಂದರೆಗಳು ಕಾಲುಭಾಗದಷ್ಟು ಕಡಿಮೆಯಾದವು. ಹೃದಯಕ್ಕೆ ಇದು ಕೆಟ್ಟದ್ದೇ ಎಂಬ ಸಂಶಯ 1970ರಿಂದಲೂ ಇತ್ತು. ಮೇಲೆ ಹೇಳಿದ ಕೆರೋಲಿನಾ ಅಧ್ಯಯನದಲ್ಲಿ ಹೃದಯಾಘಾತ, ಪಾರ್ಶ್ವವಾಯು, ಹೃದ್ರೋಗದ ಸಾವು ಒಟ್ಟಾಗಿ ಎರಡೂ ಗುಂಪುಗಳಲ್ಲಿ ಸರಿಸುಮಾರು ಶೇ 12 ಇದ್ದವು. ಗ್ಲಿಮಿಪಿರೈಡ್ ಮಟ್ಟಿಗೆ ಆ ಭಯ ಬಹುಮಟ್ಟಿಗೆ ಹೋಯಿತು.

ಎರಡನೆಯದು ಬೆಲೆ. ಜೀವನಪೂರ್ತಿ ನುಂಗಬೇಕಾದ ಮಾತ್ರೆಗೆ ದುಡ್ಡು ಹೊಂದಿಸಲಾಗದೆ ನಿಲ್ಲಿಸಿಬಿಡುವುದಕ್ಕಿಂತ, ಅಗ್ಗದ ಮಾತ್ರೆಯನ್ನು ಎಚ್ಚರದಿಂದ ತೆಗೆದುಕೊಳ್ಳುವುದು ಎಷ್ಟೋ ಮೇಲು. ಭಾರತದ ಅವಶ್ಯಕ ಔಷಧಗಳ ರಾಷ್ಟ್ರೀಯ ಪಟ್ಟಿಯಲ್ಲಿ ಗ್ಲಿಮಿಪಿರೈಡ್ ಇದೆ. ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲಿ ಗ್ಲಿಕ್ಲಜೈಡ್ ಇದೆ. ಸಂಪನ್ಮೂಲ ಕಡಿಮೆಯಿರುವ ಕಡೆ ಮೆಟ್‌ಫಾರ್ಮಿನ್ ಸಾಲದಾದಾಗ ಸಲ್ಫೋನಿಲ್‌ಯೂರಿಯಾ ಸೇರಿಸಿ ಎಂದು ಅದೇ ಸಂಸ್ಥೆ 2018ರಲ್ಲಿ ಸಲಹೆ ಮಾಡಿತು. ಆದರೆ ಈ ಲೆಕ್ಕ ಬದಲಾಗುತ್ತಿದೆ. ಭಾರತದಲ್ಲಿ ಸಿಟಾಗ್ಲಿಪ್ಟಿನ್ ಪೇಟೆಂಟ್ 2022ರಲ್ಲಿ, ಎಂಪಾಗ್ಲಿಫ್ಲೋಜಿನ್ ಪೇಟೆಂಟ್ 2025ರಲ್ಲಿ ಮುಗಿದ ಮೇಲೆ ಅವುಗಳ ಬೆಲೆ ಗಣನೀಯವಾಗಿ ಇಳಿದಿದೆ. ಐದು ವರ್ಷದ ಹಿಂದೆ ದುಬಾರಿ ಎಂದು ಬಿಟ್ಟಿದ್ದ ಔಷಧ ಈಗ ನಿಮ್ಮ ಕೈಗೆಟುಕಬಹುದು, ಕೇಳಿ ನೋಡಿ.

ಮೂರನೆಯದು, ಈ ಮಾತ್ರೆಯೇ ಅತ್ಯುತ್ತಮ ಮದ್ದಾಗುವ ಅಪರೂಪದ ಕಾಯಿಲೆಗಳು. ಒಂದೇ ಜೀನ್‌ನ ದೋಷದಿಂದ, ಚಿಕ್ಕ ವಯಸ್ಸಿನಲ್ಲಿ, ಮನೆತನದಲ್ಲಿ ತಲೆಮಾರಿನಿಂದ ತಲೆಮಾರಿಗೆ ಬರುವ ‘ಮೋಡಿ’ ಎಂಬ ಮಧುಮೇಹವಿದೆ. ಅದರ ಒಂದು ಮುಖ್ಯ ಬಗೆಯಲ್ಲಿ ಸಲ್ಫೋನಿಲ್‌ಯೂರಿಯಾದ ಸಣ್ಣ ಪ್ರಮಾಣವೇ ಸಾಕಾಗುತ್ತದೆ. ಹುಟ್ಟಿದ ಆರು ತಿಂಗಳೊಳಗೆ ಮಧುಮೇಹ ಕಾಣಿಸಿಕೊಂಡ ಕೆಲವು ಶಿಶುಗಳಲ್ಲಿ ಕೆಟ್ಟಿರುವುದು ಮೇಲೆ ಹೇಳಿದ ಪೊಟ್ಯಾಸಿಯಂ ಬಾಗಿಲೇ. ಅದು ಮುಚ್ಚಿಕೊಳ್ಳುವುದೇ ಇಲ್ಲ. ಅಂಥವರಲ್ಲಿ ಬಹುತೇಕರು ಇನ್ಸುಲಿನ್ ಚುಚ್ಚುಮದ್ದು ಬಿಟ್ಟು ಗ್ಲಿಬೆನ್‌ಕ್ಲಮೈಡ್ ಮಾತ್ರೆಯಿಂದಲೇ ಬದುಕಬಲ್ಲರು ಎಂದು 2006ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ಆರು ತಿಂಗಳೊಳಗೆ ಶುಗರ್ ಬಂದ ಯಾವುದೇ ಮಗುವಿಗೆ ಜೀನ್ ಪರೀಕ್ಷೆ ಮಾಡಿಸುವುದು ಅದಕ್ಕಾಗಿ.

ಒಟ್ಟಿನಲ್ಲಿ ಈ ಮಾತ್ರೆ ಹೊಂದುವುದು ಹೊತ್ತಿಗೆ ಸರಿಯಾಗಿ ಉಣ್ಣುವ, ಕಿಡ್ನಿ ಚೆನ್ನಾಗಿರುವ, ತೂಕ ಹೆಚ್ಚಿರದ, ಬೀಟಾ ಕೋಶಗಳು ಇನ್ನೂ ಗಟ್ಟಿಯಾಗಿರುವ ಟೈಪ್ 2 ಮಧುಮೇಹಿಗಳಿಗೆ. ಹೃದ್ರೋಗ, ಹೃದಯ ವೈಫಲ್ಯ, ಕಿಡ್ನಿ ಕಾಯಿಲೆ ಇರುವವರಿಗೆ ಆ ಅಂಗಗಳನ್ನೂ ಕಾಯುವ ಗ್ಲಿಫ್ಲೋಜಿನ್‌ನಂಥ ಔಷಧಗಳಿಗೆ ಮೊದಲ ಆದ್ಯತೆ. ಒಂಟಿಯಾಗಿ ಬದುಕುವ ವೃದ್ಧರಿಗೆ, ಮರೆವಿನ ಕಾಯಿಲೆಯವರಿಗೆ, ಈಗಾಗಲೇ ಒಮ್ಮೆ ತೀವ್ರವಾಗಿ ಲೋ ಆದವರಿಗೆ ಇದನ್ನು ತಪ್ಪಿಸುವುದು ಒಳ್ಳೆಯದು. ಗರ್ಭಿಣಿಯರಿಗೆ ಇನ್ಸುಲಿನ್ ಮೇಲು.

ಮುಂದಿನ ಭೇಟಿಯಲ್ಲಿ ಕೇಳಬೇಕಾದದ್ದು

ಇದನ್ನು ಓದಿ ನಾಳೆಯಿಂದಲೇ ಮಾತ್ರೆ ನಿಲ್ಲಿಸಬೇಡಿ, ಶುಗರ್ ಏರಿಬಿಡುತ್ತದೆ. ನಿಮ್ಮ ವೈದ್ಯರ ಮುಂದೆ ಈ ಪ್ರಶ್ನೆಗಳನ್ನಿಡಿ:

- ನನ್ನ ಮಾತ್ರೆಗಳಲ್ಲಿ ಸಲ್ಫೋನಿಲ್‌ಯೂರಿಯಾ ಇದೆಯೇ, ದಿನಕ್ಕೆ ಒಟ್ಟು ಎಷ್ಟು ಮಿಲಿಗ್ರಾಂ?
- ಈ ವರ್ಷ ನನ್ನ ಕ್ರಿಯಾಟಿನಿನ್ ನೋಡಿದ್ದೀರಾ, ಅದಕ್ಕೆ ಈ ಪ್ರಮಾಣ ಹೊಂದುತ್ತದೆಯೇ?
- ನನ್ನ ವಯಸ್ಸಿಗೆ ಎಚ್‌ಬಿಎ1ಸಿ ಎಷ್ಟಿದ್ದರೆ ಸಾಕು?
- ಜ್ವರ, ವಾಂತಿ, ಉಪವಾಸದ ದಿನ ಯಾವ ಮಾತ್ರೆ ಬಿಡಬೇಕು, ಯಾವುದನ್ನು ಮುಂದುವರಿಸಬೇಕು?

ಕೊನೆಯ ಪ್ರಶ್ನೆಯ ಉತ್ತರವನ್ನು ಚೀಟಿಯ ಮೇಲೆ ಬರೆಸಿಕೊಂಡು, ಮನೆಯಲ್ಲಿ ಇನ್ನೊಬ್ಬರಿಗೂ ಓದಿ ಹೇಳಿ. ಶುಗರ್ ಕುಸಿದ ಹೊತ್ತಿನಲ್ಲಿ ಯೋಚಿಸುವ ಶಕ್ತಿ ನಿಮಗಿರುವುದಿಲ್ಲ, ಆಗ ತಿಳಿದಿರಬೇಕಾದವರು ಅವರು.